ಬ್ಯಾಕ್‌ಸ್ಪ್ರೆಡ್‌ನಲ್ಲಿ ದಿಕ್ಕು ಸರಿಯಾದರೂ ನಷ್ಟವಾಗುವುದು ಎಲ್ಲಿ?

ಪ್ರಶ್ನೆ: ಮೇಡಂ, ಷೇರಿನ ಬೆಲೆ 1000 ಇದ್ದಾಗ, ಎಕ್ಸ್‌ಪೈರಿಗೆ 30 ದಿನ ಉಳಿದಿರುವಾಗ, 1000ರ ಕಾಲ್ ಒಂದನ್ನು 28.6ಕ್ಕೆ ಮಾರಿ, 1050ರ ಕಾಲ್ ಎರಡನ್ನು 10.85ರಂತೆ ಕೊಂಡು ಬ್ಯಾಕ್‌ಸ್ಪ್ರೆಡ್ ಮಾಡಿದೆ. 6.9 ಪಾಯಿಂಟ್ ಕೈಗೇ ಬಂತು. ಹತ್ತನೇ ದಿನ ಕಂಪನಿಯ ಫಲಿತಾಂಶ ಬಂದು ಷೇರು 1050ಕ್ಕೆ ಏರಿತು. ಇನ್ನೂ ಏರಲಿ ಎಂದು ಕೊನೆಯ ದಿನದವರೆಗೆ ಕಾದೆ. 1048ಕ್ಕೆ ಮುಗಿಯಿತು, 41 ಪಾಯಿಂಟ್ ಹೋಯಿತು. ದಿಕ್ಕು ಸರಿ ಇದ್ದೂ ಇಷ್ಟು ನಷ್ಟ ಹೇಗಾಯಿತು? ಸ್ಟ್ರೈಕ್ ಹೇಗೆ ಆರಿಸಬೇಕಿತ್ತು?

ಉತ್ತರ: ನೀವು ಕೊಂಡ ಎರಡು ಕಾಲ್‌ಗಳಲ್ಲಿ ಒಂದನ್ನು ಸ್ವಲ್ಪ ಹೊತ್ತು ಪಕ್ಕಕ್ಕೆ ಎತ್ತಿಡಿ. ಉಳಿದದ್ದೇನು? 1000ರ ಕಾಲ್ ಮಾರಿದ್ದೀರಿ, 1050ರದ್ದು ಒಂದು ಕೊಂಡಿದ್ದೀರಿ. ಇದು ಬೇರ್ ಕಾಲ್ ಸ್ಪ್ರೆಡ್. ಷೇರು ಏರುವುದಿಲ್ಲ ಎಂದು ನಂಬಿದವರು ಮಾಡುವ ವ್ಯವಹಾರ. ಅದರಿಂದ ನಿಮಗೆ 17.75 ಬಂತು. ಆ ಹಣದಲ್ಲಿ 10.85 ಕೊಟ್ಟು, ಪಕ್ಕಕ್ಕಿಟ್ಟ ಆ ಇನ್ನೊಂದು ಕಾಲ್ ಕೊಂಡಿರಿ. ಮಿಕ್ಕಿದ್ದು 6.9.

ಅಂದರೆ ಒಂದು ಕೈಯಲ್ಲಿ ಏರಿಕೆಯನ್ನು ಕೊಂಡು, ಇನ್ನೊಂದು ಕೈಯಲ್ಲಿ ಸಾಧಾರಣ ಏರಿಕೆಯನ್ನು ಮಾರಿದ್ದೀರಿ. ಷೇರು 5 ಶೇಕಡಾ ಏರಿತು. ನೀವು ಮಾರಿದ್ದು ಅದನ್ನೇ. ಕ್ರೆಡಿಟ್ ಬಂದಿದ್ದರಿಂದ ಇದು ಖರ್ಚಿಲ್ಲದ ಪಂದ್ಯ ಎನಿಸುತ್ತದೆ, ಆದರೆ ಆ ಕ್ರೆಡಿಟ್ಟಿನ ಅಷ್ಟೂ ಹಣ ಬಂದಿರುವುದು 1000ಕ್ಕೂ 1050ಕ್ಕೂ ನಡುವಿನ ಜಾಗವನ್ನು ಬಿಟ್ಟುಕೊಟ್ಟದ್ದಕ್ಕೆ.

ಹೀಗೆ ಬಿಡಿಸಿ ನೋಡಿದಾಗ ಇನ್ನೊಂದು ವಿಷಯವೂ ತಿಳಿಯುತ್ತದೆ. ಬ್ಯಾಕ್‌ಸ್ಪ್ರೆಡ್ ಮಾಡದೆ 1050ರ ಕಾಲ್ ಒಂದನ್ನು ಮಾತ್ರ 10.85ಕ್ಕೆ ಕೊಂಡಿದ್ದರೆ ಏನಾಗುತ್ತಿತ್ತು? ಎರಡಕ್ಕೂ ಇರುವ ವ್ಯತ್ಯಾಸ ಆ ಬೇರ್ ಸ್ಪ್ರೆಡ್ ಒಂದೇ. ಅದು ಲಾಭದಲ್ಲಿರುವುದು ಷೇರು 1017.75ಕ್ಕಿಂತ ಕೆಳಗೆ ಮುಗಿದಾಗ ಮಾತ್ರ. ಅದಕ್ಕಿಂತ ಮೇಲೆ ಎಲ್ಲೇ ಮುಗಿದರೂ, 1060 ಆಗಲಿ 1200 ಆಗಲಿ, ಬರೀ ಕಾಲ್ ಕೊಂಡವರೇ ನಿಮಗಿಂತ ಮುಂದೆ. 1050 ದಾಟಿದ ಮೇಲಂತೂ ಅವರು ಎಂದೆಂದಿಗೂ 32.25 ಪಾಯಿಂಟ್ ಮುಂದಿರುತ್ತಾರೆ. ಆದ್ದರಿಂದ "ಏರಿಯೇ ಏರುತ್ತದೆ, ಎಷ್ಟು ಎಂಬುದಷ್ಟೇ ಗೊತ್ತಿಲ್ಲ" ಎನ್ನುವವರಿಗೆ ಬ್ಯಾಕ್‌ಸ್ಪ್ರೆಡ್ ಹೇಳಿಮಾಡಿಸಿದ್ದಲ್ಲ. "ಒಂದೋ ಭಾರಿ ಏರಿಕೆ, ಇಲ್ಲವೋ ಇದ್ದಲ್ಲೇ ನಿಲ್ಲುತ್ತದೆ ಅಥವಾ ಬೀಳುತ್ತದೆ, ನಡುವೆ ನಿಲ್ಲುವುದು ಕಷ್ಟ" ಎನ್ನುವ ಸಂದರ್ಭ ಇದರದ್ದು. ಔಷಧಕ್ಕೆ ಪರವಾನಗಿ ಸಿಗುತ್ತದೋ ಇಲ್ಲವೋ, ಕಂಪನಿಯ ಖರೀದಿ ಒಪ್ಪಂದ ಕುದುರುತ್ತದೋ ಮುರಿಯುತ್ತದೋ ಎಂಬಂಥ ಎರಡೇ ಉತ್ತರದ ಘಟನೆಗಳು ಇದಕ್ಕೆ ಹೊಂದುತ್ತವೆ. ಸಾಮಾನ್ಯ ತ್ರೈಮಾಸಿಕ ಫಲಿತಾಂಶದಲ್ಲಿ 3 ಶೇಕಡಾ, 5 ಶೇಕಡಾ ಏರಿಕೆಯೂ ಧಾರಾಳವಾಗಿ ಆಗುತ್ತದೆ. ಅಲ್ಲಿ ನಡುವಿನ ಜಾಗವನ್ನು ಮಾರುವುದು ನನಗೆ ಸರಿಕಾಣುವುದಿಲ್ಲ.

ಈಗ ನಷ್ಟವಾಗುವ ಆ ನಡುವಿನ ಜಾಗದ, ಅಂದರೆ ಡೆಡ್ ಝೋನಿನ, ಅಳತೆ ತೆಗೆಯೋಣ. ಒಂದು ಮಾರಿ ಎರಡು ಕೊಳ್ಳುವ ಕಾಲ್ ಬ್ಯಾಕ್‌ಸ್ಪ್ರೆಡ್‌ಗೆ ಎಕ್ಸ್‌ಪೈರಿ ದಿನದ ಲೆಕ್ಕ ಇಷ್ಟೇ:

```
ಗರಿಷ್ಠ ನಷ್ಟ = (ಕೊಂಡ ಸ್ಟ್ರೈಕ್ − ಮಾರಿದ ಸ್ಟ್ರೈಕ್) − ಕ್ರೆಡಿಟ್
ಮೇಲಿನ ಬ್ರೇಕ್‌ಈವನ್ = ಕೊಂಡ ಸ್ಟ್ರೈಕ್ + ಗರಿಷ್ಠ ನಷ್ಟ
ಕೆಳಗಿನ ಬ್ರೇಕ್‌ಈವನ್ = ಮಾರಿದ ಸ್ಟ್ರೈಕ್ + ಕ್ರೆಡಿಟ್
```

ಹಣ ಬರುವ ಬದಲು ನೀವೇ ಕೊಡಬೇಕಾಗಿ ಬಂದರೆ ಕ್ರೆಡಿಟ್ ಇರುವಲ್ಲಿ ಆ ಮೊತ್ತವನ್ನು ಋಣ ಚಿಹ್ನೆಯೊಂದಿಗೆ ಹಾಕಿ. ಆಗ ಕೆಳಗಿನ ಬ್ರೇಕ್‌ಈವನ್ ಇರುವುದಿಲ್ಲ.

ನಿಮ್ಮ ವ್ಯವಹಾರದಲ್ಲಿ ಗರಿಷ್ಠ ನಷ್ಟ 43.1. ಅದು ಆಗುವುದು ಸರಿಯಾಗಿ 1050ರಲ್ಲಿ, ಏಕೆಂದರೆ ಮಾರಿದ ಕಾಲ್ ಅಲ್ಲಿ 50 ಪಾಯಿಂಟ್ ಕೇಳುತ್ತದೆ, ಕೊಂಡ ಎರಡೂ ಸೊನ್ನೆಯಾಗಿರುತ್ತವೆ. ಅಲ್ಲಿಂದ ಮೇಲೇರಿ ನಷ್ಟ ತುಂಬಿಕೊಳ್ಳಬೇಕಾದರೆ 1093.1 ಮುಟ್ಟಬೇಕು. ಕೆಳಗೆ 1006.9ರಲ್ಲಿ ಹೊರಬರುತ್ತೀರಿ. ಇವೆರಡರ ನಡುವಿನ 86 ಪಾಯಿಂಟ್ ಅಗಲದ ತಗ್ಗೇ ಡೆಡ್ ಝೋನ್. ಅದರ ತಳ 1050. ನಿಮ್ಮ ಷೇರು ಹೋಗಿ ಕೂತದ್ದು ತಳದಿಂದ ಎರಡೇ ಪಾಯಿಂಟ್ ಆಚೆ.

ಇದನ್ನು ದುರದೃಷ್ಟ ಎಂದು ಬಿಟ್ಟುಬಿಡುವ ಹಾಗಿಲ್ಲ. ಅಂದು 1000ರ ಕಾಲ್ ಮತ್ತು 1000ರ ಪುಟ್ ಎರಡನ್ನೂ ಸೇರಿಸಿ ಕೊಳ್ಳುವ ಸ್ಟ್ರಾಡಲ್‌ನ ಬೆಲೆ 57.2 ಆಗುತ್ತಿತ್ತು (ಬಡ್ಡಿಯನ್ನು ಬಿಟ್ಟು ಲೆಕ್ಕ ಹಾಕಿದ್ದೇನೆ, ನೀವು ಕೊಟ್ಟ ಬೆಲೆಗಳು 25 ಶೇಕಡಾ ಐವಿಗೆ, ಅಂದರೆ ಆಪ್ಷನ್ ಬೆಲೆಯಲ್ಲಿ ಅಡಗಿರುವ ಏರಿಳಿತದ ಅಂದಾಜಿಗೆ, ಬ್ಲ್ಯಾಕ್-ಶೋಲ್ಸ್ ಸೂತ್ರ ಕೊಡುವ ಬೆಲೆಗಳಿಗೆ ಹೊಂದುತ್ತವೆ). ಸ್ಟ್ರಾಡಲ್‌ನ ಬೆಲೆ ಎಂದರೆ, ಎಕ್ಸ್‌ಪೈರಿಯ ಹೊತ್ತಿಗೆ ಷೇರು ಮೇಲಕ್ಕೋ ಕೆಳಕ್ಕೋ ಸರಾಸರಿ ಎಷ್ಟು ದೂರ ಸರಿಯುತ್ತದೆ ಎಂದು ಮಾರುಕಟ್ಟೆ ಕಟ್ಟಿರುವ ಅಂದಾಜು. 57 ಪಾಯಿಂಟ್ ಮೇಲಕ್ಕೆ ಹೋದರೆ 1057. ನಿಮ್ಮ ತಗ್ಗಿನ ತಳ ಅದರ ಪಕ್ಕದಲ್ಲೇ ಇತ್ತು. ಮಾರುಕಟ್ಟೆ "ಇದು ಮಾಮೂಲು" ಎಂದು ಹೇಳಿದ ಏರಿಕೆಯ ಮೇಲೆಯೇ ಅತಿ ದೊಡ್ಡ ನಷ್ಟವನ್ನು ಇಟ್ಟಂತಾಯಿತು. ಅದೇ ಐವಿಯಲ್ಲಿ ಸಂಭವನೀಯತೆ ಲೆಕ್ಕ ಹಾಕಿದರೆ, ಕೊನೆಯ ದಿನ ಷೇರು 1006.9ಕ್ಕಿಂತ ಕೆಳಗಿದ್ದು ಪುಟ್ಟ ಕ್ರೆಡಿಟ್ ಉಳಿಯುವ ಸಾಧ್ಯತೆ ಸುಮಾರು 55 ಶೇಕಡಾ, ತಗ್ಗಿಗೆ ಬೀಳುವ ಸಾಧ್ಯತೆ 35, 1093 ದಾಟುವ ಸಾಧ್ಯತೆ ಬರೀ 10.

ಇನ್ನು ಸ್ಟ್ರೈಕ್ ಆಯ್ಕೆ. ಮಾರುವ ಕಾಲ್ 1000ದ್ದೇ ಇರಲಿ, ಕೊಳ್ಳುವುದನ್ನು ಮಾತ್ರ ಬದಲಿಸಿ ನೋಡೋಣ. ಅದೇ 25 ಶೇಕಡಾ ಐವಿಯಲ್ಲಿ 1025ರ ಕಾಲ್ ಸುಮಾರು 18.1, 1100ರದ್ದು 3.2.

1100ರ ಕಾಲ್ ಎರಡು ಕೊಂಡರೆ 22.2 ಕ್ರೆಡಿಟ್ ಬರುತ್ತದೆ. ನೋಡಲು ಬಹಳ ಚೆಂದ. ಆದರೆ ತಗ್ಗಿನ ಆಳ 77.8, ಹೊರಬರಲು ಷೇರು 1178ಕ್ಕೆ ಹೋಗಬೇಕು. 1025ರದ್ದು ಎರಡು ಕೊಂಡರೆ ಕ್ರೆಡಿಟ್ ಇಲ್ಲ, ಬದಲಿಗೆ 7.6 ಕೈಯಿಂದ ಹಾಕಬೇಕು. ಷೇರು ಬಿದ್ದರೆ ಆ 7.6 ಹೋಗುತ್ತದೆ. ತಗ್ಗಿನ ಆಳ 32.6, ಮೇಲಿನ ಬ್ರೇಕ್‌ಈವನ್ 1057.6. ನಿಮ್ಮ 1050 ಇವೆರಡರ ನಡುವಿನದು.

ಈಗ ನಿಮ್ಮ ಅಂದಾಜು ಪೂರ್ತಿ ನಿಜವಾಗಿ ಷೇರು 12 ಶೇಕಡಾ ಏರಿ 1120ಕ್ಕೆ ಮುಗಿಯಿತು ಎನ್ನಿ. 1025ರ ಬ್ಯಾಕ್‌ಸ್ಪ್ರೆಡ್ 62.4 ಗಳಿಸುತ್ತದೆ. ನಿಮ್ಮದು 26.9. ಅತಿ ಹೆಚ್ಚು ಕ್ರೆಡಿಟ್ ಕೊಟ್ಟ 1100ರದ್ದು 57.8 ಕಳೆಯುತ್ತದೆ. ಊಹೆ ಒಂದೇ, ಏರಿಕೆ ಒಂದೇ, ಆದರೆ ಕೊಂಡ ಸ್ಟ್ರೈಕ್ ದೂರ ಸರಿದಷ್ಟೂ "ದೊಡ್ಡ ಏರಿಕೆ" ಎಂಬುದರ ಗೆರೆ ಇನ್ನೂ ಮೇಲಕ್ಕೆ ಹೋಗುತ್ತದೆ.

ನಾನು ಆಪ್ಷನ್ ವ್ಯವಹಾರಕ್ಕೆ ಇಳಿದ ಆರಂಭದಲ್ಲಿ ಈ ಮೂರನೆಯ ಬಗೆಯನ್ನೇ ಮತ್ತೆ ಮತ್ತೆ ಮಾಡುತ್ತಿದ್ದೆ. ಮೊದಲು ಕ್ರೆಡಿಟ್ ಎಷ್ಟು ಬರುತ್ತದೆ ಎಂದು ನೋಡಿ, ಆಮೇಲೆ ಸ್ಟ್ರೈಕ್ ಆರಿಸುವ ಅಭ್ಯಾಸ. ಷೇರು ಬಿದ್ದ ತಿಂಗಳುಗಳಲ್ಲಿ ಕ್ರೆಡಿಟ್ ಉಳಿಯುತ್ತಿತ್ತು, ಹಾಗಾಗಿ ವಿಧಾನ ಸರಿಯಿದೆ ಎಂದೇ ನಂಬಿದ್ದೆ. ಒಳ್ಳೆಯ ಏರಿಕೆ ಬಂದ ಒಂದೇ ತಿಂಗಳಲ್ಲಿ ಅಷ್ಟೂ ಕ್ರೆಡಿಟ್ಟುಗಳು ಹೋಗಿ, ಮೇಲೆ ಇನ್ನಷ್ಟು ಹೋಯಿತು. ಏರಿಕೆಗೆಂದೇ ಮಾಡಿದ ವ್ಯವಹಾರ ಏರಿಕೆಯಲ್ಲೇ ಮುಳುಗಿದ್ದನ್ನು ಕಂಡ ಮೇಲೆ ಆ ಕ್ರಮವನ್ನು ತಿರುಗಿಸಿದೆ.

ಈಗ ನಾನು ಮೊದಲು ಬರೆದಿಟ್ಟುಕೊಳ್ಳುವುದು ನನ್ನ ಗುರಿಬೆಲೆಯನ್ನು, ಅದರ ಪಕ್ಕದಲ್ಲಿ ಸ್ಟ್ರಾಡಲ್ ಹೇಳುವ ಬೆಲೆಯನ್ನು. ಗುರಿ ಸ್ಟ್ರಾಡಲ್‌ನ ಅಂದಾಜಿಗಿಂತ ಸಾಕಷ್ಟು ಆಚೆ ಇಲ್ಲದಿದ್ದರೆ ಅಲ್ಲಿಗೇ ಕೈಬಿಡುತ್ತೇನೆ. ಸಾಕಷ್ಟು ಎಂದರೆ ನನ್ನ ಮಟ್ಟಿಗೆ ಕನಿಷ್ಠ ಒಂದೂವರೆ ಪಟ್ಟು. ಇಲ್ಲಿ ಅದು 57ರ ಒಂದೂವರೆ, ಸುಮಾರು 1086. ನಿಮ್ಮ ಗುರಿ 1120 ಆಗಿದ್ದರೆ ಮುಂದುವರಿಯಬಹುದಿತ್ತು. ಆಮೇಲೆ ಮೇಲಿನ ಬ್ರೇಕ್‌ಈವನ್ ಗುರಿಗಿಂತ ಎಷ್ಟು ಕೆಳಗಿದೆ ಎಂದು ನೋಡುತ್ತೇನೆ. ಅದು ಸ್ಟ್ರಾಡಲ್ ಹೇಳುವ ಬೆಲೆಯ ಆಸುಪಾಸಿನಲ್ಲೇ ಇರಬೇಕು ಎಂಬುದು ನನ್ನ ಅಳತೆ. 1025ರ ಬ್ರೇಕ್‌ಈವನ್ 1057.6 ಈ ಅಳತೆಗೆ ಸರಿಯಾಗಿ ಕೂರುತ್ತದೆ, 1093 ಕೂರುವುದಿಲ್ಲ. ಕ್ರೆಡಿಟ್ಟೋ ಡೆಬಿಟ್ಟೋ ಎಂಬುದು ಇದಾದ ಮೇಲೆ ತಾನಾಗಿ ಬರುವ ಸಂಖ್ಯೆ. ಕೈಯಿಂದ ಏನೂ ಹಾಕಲು ಮನಸ್ಸಿಲ್ಲದಿದ್ದರೆ 1037ರ ಆಸುಪಾಸಿನ ಸ್ಟ್ರೈಕ್‌ನಲ್ಲಿ ಲೆಕ್ಕ ಸೊನ್ನೆಗೆ ಬರುತ್ತದೆ. ಅದಕ್ಕಿಂತ ಆಚೆ ಹೋಗಿ ಕ್ರೆಡಿಟ್ ಹುಡುಕಬೇಡಿ ಎಂದು ಹೇಳುತ್ತೇನೆ.

ಎರಡು ಮಾರಿ ಮೂರು ಕೊಳ್ಳುವ ಬಗೆಯೂ ಇದೆ. ಕ್ರೆಡಿಟ್ ಇನ್ನೂ ಹೆಚ್ಚು, ತಗ್ಗು ಇನ್ನೂ ಆಳ. ದೊಡ್ಡ ಏರಿಕೆಯೇ ಬೇಕೆನ್ನುವವರಿಗೆ ಅದರಿಂದ ಪ್ರಯೋಜನವಿಲ್ಲ.

ಸ್ಟ್ರೈಕ್‌ನಷ್ಟೇ ಮುಖ್ಯವಾದದ್ದು ಸಮಯ, ಮತ್ತು ನಿಮ್ಮ ನಷ್ಟದ ದೊಡ್ಡ ಪಾಲು ಆಗಿರುವುದು ಅಲ್ಲಿ. ತಗ್ಗು ಮೊದಲ ದಿನದಿಂದಲೇ ಇರುವುದಿಲ್ಲ. ಕೊಂಡ ಎರಡು ಕಾಲ್‌ಗಳಲ್ಲಿ ಸಮಯದ ಬೆಲೆ ಇರುವಷ್ಟು ದಿನ ಅವು ಮಾರಿದ ಕಾಲ್‌ನ ಭಾರವನ್ನು ಹೊತ್ತುಕೊಂಡಿರುತ್ತವೆ. ಷೇರು 1050ರಲ್ಲೇ ನಿಂತಿದೆ, ಐವಿ 25 ಶೇಕಡಾದಲ್ಲೇ ಇದೆ ಎಂದುಕೊಂಡು ನಿಮ್ಮ ವ್ಯವಹಾರವನ್ನು ದಿನದಿನಕ್ಕೆ ಅಳೆದರೆ ಹೀಗೆ ಬರುತ್ತದೆ: 20 ದಿನ ಉಳಿದಾಗ ನಷ್ಟ 1 ಪಾಯಿಂಟಿಗಿಂತ ಕಡಿಮೆ. 10 ದಿನ ಉಳಿದಾಗ 11. 5 ದಿನ ಉಳಿದಾಗ 19. ಕೊನೆಯ ದಿನ 43. ಕೊನೆಯ ಐದೇ ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಷ್ಟ ತೋಡಿಕೊಳ್ಳುತ್ತದೆ. ಬ್ಯಾಕ್‌ಸ್ಪ್ರೆಡ್ ಕಾಯುವವರ ವ್ಯವಹಾರವಲ್ಲ. ಎಕ್ಸ್‌ಪೈರಿಯ ನಕ್ಷೆ ಅತಿ ಕೆಟ್ಟ ಸ್ಥಿತಿಯನ್ನು ತೋರಿಸುತ್ತದೆ. ಅಲ್ಲಿಯವರೆಗೆ ಹೋಗಲೇಬೇಕೆಂದು ಯಾರ ಬಲವಂತವೂ ಇಲ್ಲ.

ಆದರೆ ಘಟನೆಯ ನಂತರ ಐವಿ 25ರಲ್ಲೇ ಉಳಿಯುತ್ತದೆ ಎಂದು ಲೆಕ್ಕ ಹಾಕುವುದು ತಪ್ಪು. ಫಲಿತಾಂಶಕ್ಕೆ ಮುಂಚಿನ ಪ್ರೀಮಿಯಂನಲ್ಲಿ "ಏನಾಗುತ್ತದೋ" ಎಂಬ ಅನಿಶ್ಚಿತತೆಗೂ ಬೆಲೆ ಸೇರಿರುತ್ತದೆ. ಉತ್ತರ ಗೊತ್ತಾದ ಕ್ಷಣ ಅದು ಕರಗುತ್ತದೆ. ಐವಿ 25ರಿಂದ 18ಕ್ಕೆ ಇಳಿಯಿತು ಎನ್ನಿ. 20 ದಿನ ಬಾಕಿ ಇದ್ದರೂ 1050ರಲ್ಲಿ ನಿಮ್ಮ ನಷ್ಟ ಸುಮಾರು 10.4. ಇದು ಐವಿ ಇಳಿಯದೆ 10 ದಿನ ಉಳಿದಾಗಿನ ನಷ್ಟಕ್ಕೆ ಹೆಚ್ಚುಕಡಿಮೆ ಸಮ. ಕಾರಣ ಸರಳ. ಆಪ್ಷನ್ ಬೆಲೆಗೆ ಬೇಕಾದದ್ದು ಐವಿಯನ್ನು ಉಳಿದ ಸಮಯದ ವರ್ಗಮೂಲದಿಂದ ಗುಣಿಸಿದ ಒಂದೇ ಸಂಖ್ಯೆ. ಐವಿ ಇಳಿದರೂ ಒಂದೇ, ದಿನಗಳು ಕಳೆದರೂ ಒಂದೇ. 18 ಶೇಕಡಾ ಐವಿಯಲ್ಲಿನ 20 ದಿನ, 25 ಶೇಕಡಾ ಐವಿಯ ಸುಮಾರು 10 ದಿನಕ್ಕೆ ಸಮನಾಗುತ್ತದೆ. ಒಂದು ಬೆಳಗ್ಗೆಯಲ್ಲಿ ಹತ್ತು ದಿನ ಮುಂದಕ್ಕೆ ತಳ್ಳಿದ ಹಾಗೆ.

ಅದೇ ಬೆಳಗ್ಗೆ ಷೇರು 1100ಕ್ಕೆ ಜಿಗಿದಿದ್ದರೂ, ಐವಿ 18ಕ್ಕೆ ಇಳಿದ ಮೇಲೆ ನಿಮ್ಮ ಲಾಭ 13 ಪಾಯಿಂಟಿನ ಹತ್ತಿರ. ಐವಿ ಇಳಿಯದಿದ್ದರೆ 21ರ ಹತ್ತಿರ. 10 ಶೇಕಡಾ ಜಿಗಿತಕ್ಕೆ ಇದು ಸಣ್ಣ ಮೊತ್ತ, ಮತ್ತು ಇದನ್ನು ಮೊದಲೇ ತಿಳಿದಿರಬೇಕು. ಇನ್ನು ನೀವು 1025ರ ಕಾಲ್ ಕೊಂಡಿದ್ದರೆ? 20 ದಿನ ಬಾಕಿ, ಐವಿ 18, ಷೇರು 1050. ಮಾರಿದ ಕಾಲ್ 52.6, ಕೊಂಡ ಎರಡು ಸೇರಿ 65.5. ಹಾಕಿದ 7.6 ಕಳೆದರೂ 5 ಪಾಯಿಂಟ್ ಲಾಭದಲ್ಲಿರುತ್ತಿದ್ದಿರಿ. ನಿಮ್ಮ 1050 ಅದೇ ಹೊತ್ತಿನಲ್ಲಿ 10 ಪಾಯಿಂಟ್ ನಷ್ಟದಲ್ಲಿತ್ತು. ಸ್ಟ್ರೈಕ್ ಹತ್ತಿರ ತರುವುದಕ್ಕೆ ಕೊಟ್ಟ ಹಣ ಎಲ್ಲಿ ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಉದಾಹರಣೆ ನನಗೆ ಹೊಳೆಯುತ್ತಿಲ್ಲ.

ಎಕ್ಸ್‌ಪೈರಿಯನ್ನೂ ಇದೇ ಕಣ್ಣಿನಿಂದ ಆರಿಸಿ. ಘಟನೆಯ ಮರುದಿನವೇ ಮುಗಿಯುವ ಕಾಲ್‌ಗಳಲ್ಲಿ ಘಟನೆಯ ಬೆಲೆಯೇ ಪ್ರೀಮಿಯಂನ ಬಹುಪಾಲು. ಅದು ಹೋದರೆ ಉಳಿಯುವುದೇನಿಲ್ಲ, ತಗ್ಗು ಒಂದೇ ದಿನದಲ್ಲಿ ಪೂರ್ತಿ ಆಳಕ್ಕೆ ಇಳಿಯುತ್ತದೆ. ದೂರದ ಎಕ್ಸ್‌ಪೈರಿಯಲ್ಲಿ ಆ ಒಂದು ದಿನದ ಬೆಲೆ ಅನೇಕ ದಿನಗಳ ಮೇಲೆ ಹರಡಿರುತ್ತದೆ, ಐವಿ ಅಷ್ಟು ಬೀಳುವುದಿಲ್ಲ. ಬದಲಿಗೆ ಜಿಗಿತಕ್ಕೆ ಅವು ನಿಧಾನವಾಗಿ ಸ್ಪಂದಿಸುತ್ತವೆ. ಘಟನೆ ಮುಗಿದ ಮೇಲೂ ಮೂರು ನಾಲ್ಕು ವಾರ ಉಳಿಯುವಂಥದ್ದನ್ನು ನಾನು ಆರಿಸುತ್ತೇನೆ.

ಕುಸಿತದ ನಿರೀಕ್ಷೆಯಲ್ಲಿ ಪುಟ್‌ಗಳಿಂದ ಇದೇ ರಚನೆ ಮಾಡುವವರು ಒಂದು ವಿಷಯ ಗಮನಿಸಬೇಕು. ಮೇಲಿನ ಲೆಕ್ಕದಲ್ಲಿ ಎಲ್ಲ ಸ್ಟ್ರೈಕ್‌ಗಳಿಗೂ ಒಂದೇ ಐವಿ ಹಿಡಿದಿದ್ದೇನೆ. ಷೇರು ಸೂಚ್ಯಂಕಗಳಲ್ಲಿ ಹಾಗಿರುವುದಿಲ್ಲ. 1987ರ ಅಕ್ಟೋಬರ್ 19ರಂದು ಡೌ ಜೋನ್ಸ್ ಒಂದೇ ದಿನ 22.6 ಶೇಕಡಾ ಕುಸಿದ ಮೇಲಿಂದ, ಕೆಳಗಿನ ಸ್ಟ್ರೈಕ್‌ಗಳ ಪುಟ್‌ಗಳಿಗೆ ಐವಿ ಎದ್ದುಕಾಣುವಂತೆ ಹೆಚ್ಚಿರುವುದು ರೂಢಿಯಾಗಿದೆ. ನೀವು ಮಾರುವ ಪುಟ್ ಅಗ್ಗ, ಕೊಳ್ಳುವ ಎರಡೂ ತುಟ್ಟಿ. ಹಾಗಾಗಿ ಕಾಲ್ ಬದಿಯಲ್ಲಿ ಕಂಡಷ್ಟೇ ಕ್ರೆಡಿಟ್ ಬೇಕೆಂದು ಹೊರಟರೆ ಸ್ಟ್ರೈಕ್ ಇನ್ನೂ ದೂರ ಹೋಗಬೇಕಾಗುತ್ತದೆ, ತಗ್ಗು ಇನ್ನೂ ಆಳವಾಗುತ್ತದೆ. ಒಂದೊಂದು ಸ್ಟ್ರೈಕ್‌ನ ನಿಜವಾದ ಬೆಲೆಯನ್ನೇ ಹಾಕಿ ಆ ಮೂರು ಸಾಲಿನ ಸೂತ್ರವನ್ನು ಮತ್ತೆ ಮಾಡಿ.

ಮಾರಿದ ಕಾಲ್ ಅಮೆರಿಕನ್ ಮಾದರಿಯದ್ದಾಗಿದ್ದರೆ, ಅಂದರೆ ಎಕ್ಸ್‌ಪೈರಿಗೆ ಮುಂಚೆಯೂ ಹಕ್ಕು ಚಲಾಯಿಸಬಹುದಾದದ್ದಾಗಿದ್ದರೆ, ಡಿವಿಡೆಂಡ್ ದಿನಾಂಕದ ಮೇಲೆ ಕಣ್ಣಿರಲಿ. ಆ ಕಾಲ್‌ನಲ್ಲಿ ಉಳಿದ ಸಮಯದ ಬೆಲೆ ಡಿವಿಡೆಂಡ್‌ಗಿಂತ ಕಡಿಮೆಯಾದಾಗ ಅದನ್ನು ಕೊಂಡವರು ಷೇರು ಕೇಳಿಬಿಡುತ್ತಾರೆ. ಯುರೋಪಿಯನ್ ಮಾದರಿಯಲ್ಲಿ ಈ ತೊಂದರೆ ಇಲ್ಲ. ಮಾರುವ, ಕೊಳ್ಳುವ ಎರಡೂ ಬದಿಯ ಆರ್ಡರನ್ನು ಒಟ್ಟಿಗೇ ಹಾಕಿ. ಮಾರಿದ್ದು ಆಗಿ ಕೊಳ್ಳುವುದು ಆಗದೆ ಉಳಿದರೆ, ಆ ಹೊತ್ತಿನ ಮಟ್ಟಿಗೆ ನಿಮ್ಮ ನಷ್ಟಕ್ಕೆ ಮಿತಿಯೇ ಇರುವುದಿಲ್ಲ.

ಕೊನೆಗೆ ನಿಮ್ಮ ಹತ್ತನೇ ದಿನಕ್ಕೆ ಬರುತ್ತೇನೆ. ಅಂದು ನಿಮ್ಮ ಮುಂದಿದ್ದ ಪ್ರಶ್ನೆ "ಇನ್ನೂ ಏರುತ್ತದೆಯೇ" ಎಂಬುದಲ್ಲ, "ಉಳಿದ 20 ದಿನಗಳಲ್ಲಿ ಇನ್ನೂ 43 ಪಾಯಿಂಟ್ ಏರಲು ಹೊಸ ಕಾರಣ ಏನಿದೆ" ಎಂಬುದು. ಕಾಯುತ್ತಿದ್ದ ಘಟನೆ ಮುಗಿದಿತ್ತು, ಐವಿ ಇಳಿಯುತ್ತಿತ್ತು, ಷೇರು ತಗ್ಗಿನ ತಳದ ಮೇಲೆ ನಿಂತಿತ್ತು. ಇಂಥ ಹೊತ್ತಿನಲ್ಲಿ ಕೆಲವರು ಕೊಂಡ ಎರಡರಲ್ಲಿ ಒಂದನ್ನು ಮಾರಿ ಸ್ವಲ್ಪ ಹಣ ಎಳೆದುಕೊಳ್ಳುತ್ತಾರೆ. ಹಾಗೆ ಮಾಡಿದರೆ ಕೈಯಲ್ಲಿ ಉಳಿಯುವುದು ಮೊದಲು ಹೇಳಿದ ಆ ಬೇರ್ ಸ್ಪ್ರೆಡ್ ಮಾತ್ರ. ಏರಿಕೆಯ ಆಸೆ ಹೋಗುತ್ತದೆ, ಷೇರು ಇಳಿಯಲಿ ಎಂದು ಬೇಡುವ ಸ್ಥಿತಿ ಬರುತ್ತದೆ. ಅದು ದುರಸ್ತಿಯಲ್ಲ. ಐವಿ 18 ಎಂದು ಹಿಡಿದರೆ, 1000ರ ಕಾಲನ್ನು 52.6ಕ್ಕೆ ಮರಳಿ ಕೊಂಡು, 1050ರ ಎರಡನ್ನು 17.65ರಂತೆ ಮಾರಿ, ಒಟ್ಟು 17.3 ಕೊಟ್ಟು ಹೊರಬರಬಹುದಿತ್ತು. ಮೊದಲು ಬಂದಿದ್ದ 6.9 ಕಳೆದರೆ ನಷ್ಟ 10.4, ಬ್ರೋಕರೇಜ್ ಬೇರೆ. ಮುಂದಿನ ಸಲ ವ್ಯವಹಾರ ಮಾಡುವ ದಿನವೇ ಘಟನೆಯ ಮರುದಿನದ ತಾರೀಖನ್ನು ಎದುರಿಗೆ ಬರೆದಿಟ್ಟುಕೊಂಡು, ಆ ದಿನ ಷೇರು ಮೇಲಿನ ಬ್ರೇಕ್‌ಈವನ್ ದಾಟಿರದಿದ್ದರೆ ಎಲ್ಲವನ್ನೂ ಒಂದೇ ಆರ್ಡರ್‌ನಲ್ಲಿ ಮುಚ್ಚಿಬಿಡಿ.